ಮಾವನ ಕ್ಯಾನು, ಅಳಿಯನ ಪಾರ್ಸೆಲ್ಲು: ಒಂದು ಬ್ಯಾಟರಿ ಆಟೋದ ಲೆಕ್ಕ

ಭಾನುವಾರ ಬೆಳಿಗ್ಗೆ ನೀರಿನ ಕ್ಯಾನ್ ಇಳಿಸಲು ಬಂದವರು ಆ ದಿನ ಖಾಲಿ ಕ್ಯಾನ್ ತೆಗೆದುಕೊಂಡು ಹೊರಡಲಿಲ್ಲ. ಜೇಬಿನಿಂದ ಮಡಿಸಿದ ಎರಡು ಬಣ್ಣದ ಕಾಗದ ತೆಗೆದು ಮೆಟ್ಟಿಲ ಮೇಲೆ ಹರಡಿದರು. ಜೊತೆಗೆ ಅವರ ಅಕ್ಕನ ಮಗನೂ ಇದ್ದ. ಮಾವ ನಮ್ಮ ಬಡಾವಣೆಗೆ ಒಂಬತ್ತು ವರ್ಷದಿಂದ ಡೀಸೆಲ್ ಲಗೇಜ್ ಆಟೋದಲ್ಲಿ ನೀರು ಹಾಕುವವರು. ಅಳಿಯ ಇಷ್ಟು ದಿನ ಬಾಡಿಗೆ ಆಟೋ ಓಡಿಸಿ ಆನ್‌ಲೈನ್ ಪಾರ್ಸೆಲ್ ಹಂಚುತ್ತಿದ್ದವನು, ಈಗ ಸ್ವಂತದ್ದು ಕೊಳ್ಳಬೇಕು ಅಂತ ಹೊರಟಿದ್ದ.

"ಸಾರ್, ನೀವು ಏಜೆನ್ಸಿಯಲ್ಲಿ ಆಟೋಗಳ ಲೆಕ್ಕ ಬರೀತೀರಲ್ಲ. ಈ ಕರೆಂಟ್ ಆಟೋ ತಗೊಳ್ಳೋದಾ ಬೇಡ್ವಾ? ಇಬ್ರೂ ಒಟ್ಟಿಗೆ ತಗೊಂಡ್ರೆ ಡಿಸ್ಕೌಂಟ್ ಕೊಡ್ತೀನಿ ಅಂತಾವ್ನೆ ಶೋರೂಮ್‌ನೋನು," ಎಂದರು ಮಾವ.

ನಾನು ಕೆಲಸ ಮಾಡುವ ದಿನಸಿ ವಿತರಣೆ ಏಜೆನ್ಸಿಯಲ್ಲಿ ಆರು ಗೂಡ್ಸ್ ಆಟೋಗಳಿವೆ, ಅದರಲ್ಲಿ ನಾಲ್ಕು ಬ್ಯಾಟರಿಯವು. ಅವುಗಳ ಓಟ, ರಿಪೇರಿ, ಕರೆಂಟು ಬಿಲ್ಲು ಎಲ್ಲವೂ ನನ್ನ ಪುಸ್ತಕದಲ್ಲಿ ಹಾದುಹೋಗುತ್ತವೆ. ಹಾಗಾಗಿ ಕೇಳಿದ್ದು ಸರಿಯಾದ ಮನೆಯಲ್ಲೇ. ಆದರೆ ಒಂದೇ ಗಾಡಿಗೆ ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಅವತ್ತು ಇಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ಹದಿನೈದು ದಿನ ಬೆಳಿಗ್ಗೆ ಸಂಜೆ ಮೀಟರ್ ರೀಡಿಂಗ್, ಎತ್ತಿದ ಲೋಡು ಬರೆದುಕೊಂಡು ಬನ್ನಿ ಎಂದು ಕಳಿಸಿದೆ. ಶೋರೂಮಿನವರು ಕೇಳುವ ಮೊದಲ ಪ್ರಶ್ನೆ "ಬಜೆಟ್ ಎಷ್ಟು?" ಎಂದು. ನನ್ನ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು.

ಹದಿನೈದು ದಿನದ ನಂತರ ಸಿಕ್ಕ ಲೆಕ್ಕ ಇದು. ಮಾವ ದಿನಕ್ಕೆ ಸರಾಸರಿ 40 ಕಿ.ಮೀ. ಓಡುತ್ತಾರೆ, ಬಿಸಿಲು ಜೋರಾದ ದಿನ 52. ಅಳಿಯ ಸರಾಸರಿ 85, ಆಫರ್ ಸೇಲಿನ ದಿನ 97. ಮಾವನ ಗಾಡಿಯಲ್ಲಿ ಭಾರ ಜಾಸ್ತಿ, ದೂರ ಕಡಿಮೆ. ಅಳಿಯನದು ಪೆಟ್ಟಿಗೆ ತುಂಬ ಪಾರ್ಸೆಲ್, ತೂಕ ಮಾತ್ರ ಇನ್ನೂರು ಕೆ.ಜಿ. ದಾಟುವುದು ಅಪರೂಪ. ಎಷ್ಟು ಲೋಡು, ಎಷ್ಟು ಬ್ಯಾಟರಿ, ಎಷ್ಟು ತಿಂಗಳಲ್ಲಿ ಹಾಕಿದ ದುಡ್ಡು ವಾಪಸು ಎಂಬ ಮೂರೂ ಪ್ರಶ್ನೆಗೆ ಉತ್ತರ ಈ ನಾಲ್ಕು ಸಾಲುಗಳಲ್ಲೇ ಅಡಗಿತ್ತು.

ಮೊದಲು ಲೋಡಿನ ಮಾತು. ಬಣ್ಣದ ಕಾಗದದಲ್ಲಿ ದೊಡ್ಡಕ್ಷರದಲ್ಲಿ ಇರುವುದು ಪೇಲೋಡ್. 2020ರ ಅಕ್ಟೋಬರ್‌ನಲ್ಲಿ ಬಂದ ಮಹೀಂದ್ರ ಟ್ರಿಯೊ ಜೋರ್ ಗಾಡಿಗೆ 550 ಕೆ.ಜಿ. ಎಂದು ಹೇಳಿದ್ದರು. ಪಿಯಾಜಿಯೊ ಕಂಪನಿಯ ಆಪೆ ಇ-ಎಕ್ಸ್‌ಟ್ರಾ 500 ಕೆ.ಜಿ. ಆಸುಪಾಸಿನದು. 2021ರ ಅಕ್ಟೋಬರ್‌ನಲ್ಲಿ ಬಂದ ಯೂಲರ್ ಹೈಲೋಡ್ 688 ಕೆ.ಜಿ. ಎನ್ನುತ್ತಿತ್ತು. ಮಾಡೆಲ್ ಬದಲಾದಂತೆ, ಹಿಂದಿನ ಬಾಡಿ ತೆರೆದದ್ದೋ ಮುಚ್ಚಿದ್ದೋ ಎಂಬುದರ ಮೇಲೆ, ಈ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ನೋಡಬೇಕಾದ್ದು ಕಾಗದವನ್ನಲ್ಲ, ಅದೇ ಮಾಡೆಲಿನ, ಅದೇ ಬಾಡಿಯ ಗಾಡಿಯ ಆರ್‌ಸಿಯನ್ನು. ಶೋರೂಮಿನಲ್ಲಿ ಈಗಾಗಲೇ ಮಾರಿದ ಒಂದು ಗಾಡಿಯ ಆರ್‌ಸಿ ನಕಲು ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ಖಾಲಿ ತೂಕ, ಒಟ್ಟು ತೂಕ ಎಂದು ಎರಡು ಅಂಕಿ ಇರುತ್ತವೆ. ಎರಡರ ವ್ಯತ್ಯಾಸವೇ ಕಾನೂನು ಒಪ್ಪುವ ಭಾರ.

ಇಲ್ಲೊಂದು ಸಣ್ಣ ಕೊಕ್ಕೆ ಇದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕ ಸೇರುವುದಿಲ್ಲ. ಅಂದರೆ ಆ ವ್ಯತ್ಯಾಸದೊಳಗೆ ನಮ್ಮ ಮಾವನೂ ಕೂತಿದ್ದಾರೆ, ಕ್ಯಾನ್ ಇಳಿಸುವ ಹುಡುಗನೂ ಕೂತಿದ್ದಾನೆ. ವ್ಯತ್ಯಾಸ 580 ಕೆ.ಜಿ. ಇದ್ದರೆ ಇಬ್ಬರ ತೂಕ 130 ಕಳೆದು ಸರಕಿಗೆ ಉಳಿಯುವುದು 450. ಮೇಲೆ ನೀವೇ ಕಬ್ಬಿಣದ ಜಾಲರಿ, ಸ್ಟ್ಯಾಂಡು ಕಟ್ಟಿಸಿದರೆ ಅದನ್ನೂ ಕಳೆಯಬೇಕು. ಇಪ್ಪತ್ತು ಲೀಟರಿನ ತುಂಬಿದ ಕ್ಯಾನು ಹತ್ತಿರ ಹತ್ತಿರ 21 ಕೆ.ಜಿ. ತೂಗುತ್ತದೆ. 450ಕ್ಕೆ 21 ಕ್ಯಾನು. ಮಾವ ಡೀಸೆಲ್ ಆಟೋದಲ್ಲಿ ಒಂದು ಟ್ರಿಪ್ಪಿಗೆ ಏರಿಸುವುದು 35, ಅಂದರೆ ಮುಕ್ಕಾಲು ಟನ್ನಿನಷ್ಟು.

"ಒಂಬತ್ತು ವರ್ಷದಿಂದ ಏರಿಸ್ತಿದೀನಿ, ಏನೂ ಆಗಿಲ್ಲ ಸಾರ್."

ಆಗಿಲ್ಲ ಎನ್ನುವುದು ನಿಜ. ಹೆಚ್ಚುವರಿ ಭಾರಕ್ಕೆ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ ₹20,000 ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ ₹2,000 ಎಂದಿದೆ, ಅದು ಒಂದು ಕಡೆ ಇರಲಿ. ಡೀಸೆಲ್ ಗಾಡಿ ಹೆಚ್ಚು ಭಾರವನ್ನು ಫಸ್ಟ್ ಗೇರಿನಲ್ಲಿ ಹೊಗೆ ಬಿಟ್ಟು ಎಳೆದುಬಿಡುತ್ತದೆ. ಬ್ಯಾಟರಿ ಗಾಡಿಯ ಸ್ವಭಾವ ಬೇರೆ. ನಿಂತಲ್ಲಿಂದ ಹೊರಡುವಾಗ ಅದಕ್ಕಿರುವ ಜೋರು ಡೀಸೆಲ್‌ಗೂ ಇಲ್ಲ, ಆದರೆ ಏರಿನಲ್ಲಿ ಹೆಚ್ಚು ಹೊತ್ತು ಎಳೆದರೆ ಮೋಟಾರೂ ಅದನ್ನು ನಡೆಸುವ ಕಂಟ್ರೋಲರೂ ಕಾಯುತ್ತವೆ. ಒಂದು ಮಟ್ಟ ದಾಟಿದ ಮೇಲೆ ಗಾಡಿ ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗ ಇಳಿಸಿಬಿಡುತ್ತದೆ. ನಮ್ಮ ಡ್ರೈವರ್‌ಗಳು ಅದಕ್ಕೆ "ಮಲಗಿತು" ಅನ್ನುತ್ತಾರೆ. ಮಾರ್ಚಿನ ಮಧ್ಯಾಹ್ನ ಎಣ್ಣೆ ಟಿನ್ನು ತುಂಬಿಕೊಂಡ ಗಾಡಿ ಫ್ಲೈಓವರಿನ ನಡುವೆ ಹತ್ತು ಕಿ.ಮೀ. ವೇಗಕ್ಕೆ ಮಲಗಿದರೆ, ಹಿಂದಿನ ಹಾರ್ನುಗಳ ಮಧ್ಯೆ ಅಲ್ಲೇ ಕಾಯಬೇಕು. ಬೇರೆ ಉಪಾಯವಿಲ್ಲ.

ಅಳಿಯನಿಗೆ ಲೋಡಿನ ಪ್ರಶ್ನೆ ಕೆ.ಜಿ.ಯದಲ್ಲ, ಜಾಗದ್ದು. ದಿಂಬು, ಡಯಾಪರ್, ಚಪ್ಪಲಿ ಡಬ್ಬ ತುಂಬಿದ ಪೆಟ್ಟಿಗೆಗೆ ತೂಕವೇ ಇರುವುದಿಲ್ಲ. ಅವನು 688 ಕೆ.ಜಿ.ಗೆ ದುಡ್ಡು ಕೊಡುವುದು ವ್ಯರ್ಥ. ಅವನಿಗೆ ಬೇಕಾದ್ದು ಎತ್ತರದ ಮುಚ್ಚಿದ ಬಾಡಿ, ಹಿಂದೆಯೂ ಪಕ್ಕದಲ್ಲೂ ಬಾಗಿಲು. ಇನ್ನೊಂದು ಮಾತು. ಅಗ್ಗಕ್ಕೆ ಸಿಗುವ, ಇ-ರಿಕ್ಷಾದಂತಿರುವ ಇ-ಕಾರ್ಟ್ ಎಂಬ ಗಾಡಿಗಳಿವೆ. ನಿಯಮದಲ್ಲೇ ಅವಕ್ಕೆ ಗಂಟೆಗೆ 25 ಕಿ.ಮೀ. ವೇಗದ ಮಿತಿ, 310 ಕೆ.ಜಿ. ಭಾರದ ಮಿತಿ. ಗೋಡೌನಿನಿಂದ ಪಕ್ಕದ ಬೀದಿಗೆ ಸಾಕು, ರಿಂಗ್ ರೋಡಿಗೆ ಅಲ್ಲ. ನಾವು ಮಾತಾಡುತ್ತಿರುವುದು ಎಲ್-5 ವರ್ಗದ, ಪೂರಾ ಆಟೋ ಎನಿಸುವ ಗಾಡಿಗಳ ಬಗ್ಗೆ.

ಇನ್ನು ಬ್ಯಾಟರಿ. ಕಾಗದದಲ್ಲಿ ಬರೆದ ಕಿಲೋವ್ಯಾಟ್ ಅವರ್ ಎಂಬ ಪದಕ್ಕೆ ಹೆದರಬೇಕಾಗಿಲ್ಲ. ಅದು ನಮ್ಮ ಮನೆ ಕರೆಂಟ್ ಬಿಲ್ಲಿನ ಯೂನಿಟ್ಟೇ. ಏಳೂವರೆ ಯೂನಿಟ್ ಬ್ಯಾಟರಿ ಎಂದರೆ ಏಳೂವರೆ ಯೂನಿಟ್ ಹಿಡಿಸುವ ಟ್ಯಾಂಕು. ಸದ್ಯ ಪೇಟೆಯಲ್ಲಿ ಸ್ಥೂಲವಾಗಿ ಎರಡು ಗಾತ್ರಗಳಿವೆ: ಏಳೆಂಟು ಯೂನಿಟ್‌ನ ಚಿಕ್ಕದು, ಹನ್ನೊಂದರಿಂದ ಹದಿಮೂರು ಯೂನಿಟ್‌ನ ದೊಡ್ಡದು. ಟ್ರಿಯೊ ಜೋರ್ ಮೊದಲು ಬಂದಾಗ 7.37 ಯೂನಿಟ್ ಇತ್ತು, ಹೈಲೋಡ್‌ನದು 13ರ ಹತ್ತಿರ.

ಕಾಗದದಲ್ಲಿ ಬರೆದ ಓಟ ಪ್ರಯೋಗಾಲಯದಲ್ಲಿ, ಗೊತ್ತಾದ ವೇಗದ ಕ್ರಮದಲ್ಲಿ ಅಳೆದದ್ದು. ಅಲ್ಲಿ ಸಿಲ್ಕ್ ಬೋರ್ಡ್ ಇಲ್ಲ, ರಸ್ತೆ ಉಬ್ಬು ಇಲ್ಲ. ನಮ್ಮ ಏಜೆನ್ಸಿಯ ಪುಸ್ತಕದಲ್ಲಿ ಆ ಅಂಕಿಯ ಮೂರನೇ ಎರಡು ಭಾಗ ಸಿಕ್ಕಿದ ಗಾಡಿಯನ್ನು ಒಳ್ಳೆಯದು ಎಂದೇ ಬರೆದುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಏರು ಇಳಿವು ಬೇರೆ. ಒಂದು ಟನ್ ತೂಕದ ತುಂಬಿದ ಗಾಡಿ ನೂರು ಮೀಟರ್ ಎತ್ತರ ಹತ್ತಿದರೆ ಬ್ಯಾಟರಿಯಿಂದ ಮೂರನೇ ಒಂದು ಯೂನಿಟ್ ಹೆಚ್ಚಿಗೆ ಹೋಗುತ್ತದೆ, ಅಂದರೆ ಸಮತಟ್ಟಿನಲ್ಲಿ ನಾಲ್ಕು ಕಿ.ಮೀ. ಓಡುವಷ್ಟು. ಇಳಿಯುವಾಗ ಮೋಟಾರು ಸ್ವಲ್ಪ ವಾಪಸ್ ತುಂಬಿಸುತ್ತದೆ, ಪೂರ್ತಿಯಲ್ಲ.

ನಿಜವಾದ ಓಟ ತಿಳಿಯಲು ಒಂದೇ ದಾರಿ. ಟೆಸ್ಟ್ ಡ್ರೈವ್ ಎಂದು ಖಾಲಿ ಗಾಡಿಯಲ್ಲಿ ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಬರುವುದು ದಂಡ. ನಿಮ್ಮ ಸರಕು ತುಂಬಿ, ನಿಮ್ಮ ದಾರಿಯಲ್ಲಿ, ನಿಮ್ಮ ಹೊತ್ತಿನಲ್ಲಿ ಓಡಿಸಬೇಕು. ಹೊರಡುವಾಗ ಪರದೆಯಲ್ಲಿ ಎಷ್ಟು ಪರ್ಸೆಂಟ್, ಬಂದಾಗ ಎಷ್ಟು, ನಡುವೆ ಎಷ್ಟು ಕಿ.ಮೀ. ಅಳಿಯ ಡೆಮೊ ಗಾಡಿಯಲ್ಲಿ ತನ್ನ ಬೆಳಗಿನ ಟ್ರಿಪ್ ಮಾಡಿದ. 22 ಕಿ.ಮೀ. ಓಟಕ್ಕೆ 25 ಪರ್ಸೆಂಟ್ ಇಳಿಯಿತು. ನೂರಕ್ಕೆ 88 ಕಿ.ಮೀ. ಆದರೆ ಕೊನೆಯ ಹತ್ತು ಪರ್ಸೆಂಟನ್ನು ಲೆಕ್ಕಕ್ಕೆ ಹಿಡಿಯಬಾರದು. ಅಷ್ಟು ಇಳಿದಾಗ ಹಲವು ಗಾಡಿಗಳು ವೇಗ ತಗ್ಗಿಸುತ್ತವೆ, ಡ್ರೈವರಿನ ಎದೆಯೂ ಹೊಡೆದುಕೊಳ್ಳುತ್ತದೆ. ಹಾಗಾಗಿ ಏಳೂವರೆ ಯೂನಿಟ್‌ನ ಗಾಡಿಗೆ ನಂಬಬಹುದಾದ ಓಟ 79. ಇದೇ ಖರ್ಚಿನಲ್ಲಿ ಹನ್ನೆರಡರ ಹತ್ತಿರದ ಗಾಡಿಗೆ 125.

ಇದು ಹೊಸ ಗಾಡಿಯ ಮಾತು. ಲಿಥಿಯಂ ಬ್ಯಾಟರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ, ಟ್ಯಾಂಕೇ ಚಿಕ್ಕದಾಗುತ್ತಾ ಹೋದಂತೆ. ಮೊದಲಿನ 80 ಪರ್ಸೆಂಟಿಗೆ ಇಳಿದಾಗ ಅದರ ಆಯಸ್ಸು ಮುಗಿಯುತ್ತಾ ಬಂತು ಎಂದು ಸಾಮಾನ್ಯವಾಗಿ ಲೆಕ್ಕ. ಆಗ ಚಿಕ್ಕ ಬ್ಯಾಟರಿಯ 79 ಕಿ.ಮೀ. 63 ಆಗುತ್ತದೆ. ಮಾವನಿಗೆ ಆಗಲೂ ಸಾಕು. ಅಳಿಯನಿಗೆ ಹೊಸದರಲ್ಲೇ ಸಾಲದು. ಗಾಡಿ ಆರಿಸುವಾಗ ಇವತ್ತಿನ ಸರಾಸರಿ ದಿನ ನೋಡಿ ಸಮಾಧಾನಪಡುವವರು ಎಡವುವುದು ಇಲ್ಲೇ. ನೋಡಬೇಕಾದ್ದು ನಾಲ್ಕನೇ ವರ್ಷದ ಅತಿ ಕೆಟ್ಟ ದಿನ.

ಎಷ್ಟು ಬೇಗ ಕುಗ್ಗುತ್ತದೆ ಎಂಬುದು ಎರಡು ಸಂಗತಿಯ ಮೇಲೆ ನಿಂತಿದೆ. ಒಂದು ಬಳಕೆ. ಪೂರ್ತಿ ತುಂಬಿ ಪೂರ್ತಿ ಖಾಲಿಯಾದರೆ ಒಂದು ಸುತ್ತು. ಅಳಿಯ ದಿನಕ್ಕೆ ಹೆಚ್ಚುಕಡಿಮೆ ಒಂದು ಸುತ್ತು ಮುಗಿಸುತ್ತಾನೆ, ವರ್ಷಕ್ಕೆ ಮುನ್ನೂರು. ಮಾವ ಅರ್ಧವೂ ಇಲ್ಲ, ವರ್ಷಕ್ಕೆ ನೂರ ನಲವತ್ತು. ಎಲ್‌ಎಫ್‌ಪಿ ಎಂಬ ಬಗೆಯ ಲಿಥಿಯಂ ಸೆಲ್‌ಗಳು ಪ್ರಯೋಗಾಲಯದಲ್ಲಿ ಎರಡು ಸಾವಿರ ಸುತ್ತು ದಾಟುತ್ತವೆ. ರಸ್ತೆಯ ಧೂಳು, ಬಿಸಿಲು, ಗುಂಡಿಗಳನ್ನು ನೆನೆದು ನಾನು ಒಂದೂವರೆ ಸಾವಿರ ಮಾತ್ರ ಹಿಡಿಯುತ್ತೇನೆ. ಅಳಿಯನಿಗೆ ಐದು ವರ್ಷ. ಎರಡನೆಯದು ಶಾಖ ಮತ್ತು ವಯಸ್ಸು. ಓಡದೆ ನಿಂತ ಬ್ಯಾಟರಿಯೂ ಮುದಿಯಾಗುತ್ತದೆ, ಬಿಸಿಲಲ್ಲಿ ನೂರು ಪರ್ಸೆಂಟ್ ತುಂಬಿ ನಿಂತರೆ ಇನ್ನೂ ಬೇಗ. ಓಡಿ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ತಣಿಯಲು ಬಿಡುವುದು ನಮ್ಮ ಏಜೆನ್ಸಿಯ ಕಟ್ಟಳೆ. ಹಾಗೆಂದು ಎಲ್‌ಎಫ್‌ಪಿ ಬ್ಯಾಟರಿಯನ್ನು ಸದಾ ಅರೆಬರೆ ತುಂಬಿಸುವುದೂ ಸರಿಯಲ್ಲ. ಒಳಗಿನ ಸೆಲ್‌ಗಳು ಸಮನಾಗಲು ಆಗಾಗ ಪೂರ್ತಿ ಚಾರ್ಜ್ ಬೇಕು. ಇಲ್ಲದಿದ್ದರೆ ಪರದೆಯಲ್ಲಿ 30 ಪರ್ಸೆಂಟ್ ತೋರಿಸುತ್ತಿದ್ದದ್ದು ಎರಡೇ ಕಿಲೋಮೀಟರಿಗೆ 12ಕ್ಕೆ ಧುಮುಕುತ್ತದೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಹಾಗೆ ಧುಮುಕುತ್ತಿದ್ದರೆ ಒಂದು ಸೆಲ್ ಗುಂಪು ಸೋತಿದೆ ಎಂದು ತಿಳಿದು, ವಾರಂಟಿ ಇರುವಾಗಲೇ ಸರ್ವಿಸ್‌ಗೆ ಒಯ್ದು ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನು ಕಾಗದದ ಮೇಲೆ ಕೇಳಬೇಕು. ಬಾಯಿಮಾತಿನ "ಎಲ್ಲಾ ಸರಿಯಾಗಿದೆ" ವಾರಂಟಿ ಮುಗಿದ ಮಾರನೆಯ ದಿನ ಕೆಲಸಕ್ಕೆ ಬರುವುದಿಲ್ಲ.

ವಾರಂಟಿಯನ್ನು ಓದುವ ಬಗೆಯೂ ಇಬ್ಬರಿಗೂ ಬೇರೆ. ಮೂರು ವರ್ಷ ಅಥವಾ 80,000 ಕಿ.ಮೀ., ಯಾವುದು ಮೊದಲೋ ಅದು ಎಂದಿದ್ದರೆ, ಮಾವ ಮೂರು ವರ್ಷದಲ್ಲಿ ನಲವತ್ತು ಸಾವಿರವೂ ಓಡಿರುವುದಿಲ್ಲ. ಅವರು ವರ್ಷ ಹೆಚ್ಚಿರುವ ವಾರಂಟಿ ಹುಡುಕಬೇಕು. ಅಳಿಯನ ಓಟ ವರ್ಷಕ್ಕೆ 26,500 ಕಿ.ಮೀ., ಅವನಿಗೆ ಎರಡೂ ಒಟ್ಟಿಗೇ ಮುಗಿಯುತ್ತವೆ. ಅವನು ಕಿಲೋಮೀಟರ್ ಹೆಚ್ಚಿರುವುದನ್ನು ಹುಡುಕಬೇಕು. ಎಷ್ಟು ಪರ್ಸೆಂಟಿಗಿಂತ ಕೆಳಗಿಳಿದರೆ ಬದಲಿಸಿ ಕೊಡುತ್ತಾರೆ ಎಂಬ ಸಾಲು ಅದರಲ್ಲಿ ಇದೆಯೇ ಎಂದು ನೋಡುವುದನ್ನು ಮರೆಯಬಾರದು. ಆ ಸಾಲಿಲ್ಲದ ವಾರಂಟಿ ಬ್ಯಾಟರಿ ಪೂರ್ತಿ ಸತ್ತಾಗ ಮಾತ್ರ ಉಪಯೋಗ.

ಚಾರ್ಜಿಂಗ್ ಬಗ್ಗೆ ಒಂದೇ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಎರಡನೇ ಗಾಡಿ ಬಂದ ಹೊಸತರಲ್ಲಿ ಡ್ರೈವರು ತನ್ನ ಬಾಡಿಗೆ ಮನೆಯ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಚಾರ್ಜ್ ಮಾಡುತ್ತಿದ್ದ. ಒಂದು ರಾತ್ರಿ ಸುಟ್ಟ ವಾಸನೆಗೆ ಎದ್ದು ನೋಡಿದರೆ ಬಾಕ್ಸು ಕರಗಿ ನೆಲಕ್ಕೆ ಅಂಟಿತ್ತು. ಈ ಚಾರ್ಜರ್‌ಗಳು ನಾಲ್ಕೈದು ಗಂಟೆ ಒಂದೇ ಸಮ ಎಳೆಯುತ್ತವೆ. ಗೀಸರ್ ಹಾಗೆ ಹತ್ತು ನಿಮಿಷಕ್ಕೆ ಬಿಡುವು ಕೊಡುವುದಿಲ್ಲ. ಅರ್ತಿಂಗ್ ಸರಿಯಿರುವ, ದಪ್ಪ ತಂತಿಯ, 16 ಆಂಪಿಯರ್ ಸಾಕೆಟ್ ಗಾಡಿ ನಿಲ್ಲುವ ಜಾಗದಲ್ಲೇ ಇರಬೇಕು. ಚಾರ್ಜಿಗೆ ಹಾಕಿ ಒಂದು ಗಂಟೆಯಾದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿದರೆ ಕೈ ಸುಡುವಂತಿರಬಾರದು. ಬಾಡಿಗೆ ಮನೆಯವರು ಗಾಡಿ ಬುಕ್ ಮಾಡುವ ಮೊದಲು ಮಾತಾಡಬೇಕಾದ್ದು ಬ್ಯಾಂಕಿನವರ ಹತ್ತಿರವಲ್ಲ, ಮನೆ ಓನರ್ ಹತ್ತಿರ.

ಈಗ ದುಡ್ಡಿನ ವಿಷಯ. ಅಂಕಿಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ನಾನು ಮೆಟ್ಟಿಲ ಮೇಲೆ ಹಾಕಿದ ಲೆಕ್ಕವನ್ನೇ ಕೊಡುತ್ತೇನೆ, ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ.

ಡೀಸೆಲ್ ಲೀಟರಿಗೆ ₹91, ಲೋಡ್ ಇರುವಾಗ ಮೈಲೇಜ್ 25. ಕಿಲೋಮೀಟರಿಗೆ ₹3.64. ಬ್ಯಾಟರಿ ಗಾಡಿಗೆ ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ ಹತ್ತು ಕಿಲೋಮೀಟರಿಗೆ ಒಂದು ಯೂನಿಟ್‌ಗಿಂತ ತುಸು ಕಡಿಮೆ. ಯೂನಿಟ್ಟಿಗೆ ₹7 ಹಿಡಿದರೆ ಕಿಲೋಮೀಟರಿಗೆ 67 ಪೈಸೆ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಕೆಲಸ ಇಲ್ಲದಿರುವುದರಿಂದ ಮೂವತ್ತು ಚಿಲ್ಲರೆ ಪೈಸೆ ಇನ್ನೂ ಉಳಿತಾಯ. ಒಟ್ಟು ಕಿಲೋಮೀಟರಿಗೆ ₹3.30 ಉಳಿಯುತ್ತದೆ. ತಿಂಗಳಿಗೆ 26 ದಿನ ಕೆಲಸವೆಂದರೆ ಮಾವನಿಗೆ ₹3,430, ಅಳಿಯನಿಗೆ ₹7,290. ಗಾಡಿ ಒಂದೇ, ಉಳಿತಾಯ ಎರಡು ಪಟ್ಟಿಗಿಂತ ಹೆಚ್ಚು. ದುಡಿಯುವುದು ಬ್ಯಾಟರಿಯಲ್ಲ, ಕಿಲೋಮೀಟರು.

ಬೆಲೆಗೆ ಬಂದರೆ, ರಸ್ತೆಗಿಳಿಯುವಾಗ ಡೀಸೆಲ್ ಆಟೋ ₹3.20 ಲಕ್ಷ, ಚಿಕ್ಕ ಬ್ಯಾಟರಿಯದು ₹3.75 ಲಕ್ಷ, ದೊಡ್ಡದು ₹4.50 ಲಕ್ಷ ಎಂದಿಟ್ಟುಕೊಂಡೆವು. ಸಬ್ಸಿಡಿ ಕಳೆದರೆ ಎಷ್ಟು ಎಂದು ಮಾವ ಕೇಳಿದರು. ಫೇಮ್-2 ಯೋಜನೆ 2024ರ ಮಾರ್ಚಿಗೆ ಮುಗಿಯಿತು. ಅದೇ ವರ್ಷ ಅಕ್ಟೋಬರ್ 1ರಿಂದ ಬಂದ ಪಿಎಂ ಇ-ಡ್ರೈವ್‌ನಲ್ಲಿ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ ಮೊದಲು ₹5,000, ನಂತರ ಅರ್ಧ ಎಂದು ನಿಗದಿಯಾಗಿತ್ತು. ಇವೆಲ್ಲ ಕಂಪನಿಗೆ ಸಂದು ಬೆಲೆಯೊಳಗೇ ಕಳೆದು ಬರುವಂಥವು. ಆದ್ದರಿಂದ ಆಮೇಲೆ ಅಕೌಂಟಿಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬದೆ, ಇನ್‌ವಾಯ್ಸಿನ ಕೊನೆಯ ಸಾಲಿನ ಮೊತ್ತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಜವಾಗಿ ಸಿಗುವ ಅನುಕೂಲ ಬೇರೆಡೆ ಇದೆ: ಜಿಎಸ್‌ಟಿ 5 ಪರ್ಸೆಂಟ್ ಮಾತ್ರ, 2018ರ ಅಕ್ಟೋಬರ್‌ನಿಂದ ಬ್ಯಾಟರಿ ವಾಹನಗಳಿಗೆ ಪರ್ಮಿಟ್ಟಿನ ಅಗತ್ಯವಿಲ್ಲ. ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ ಇದ್ದರಾಯಿತು.

ಚಿಕ್ಕದಕ್ಕೂ ಡೀಸೆಲ್‌ಗೂ ವ್ಯತ್ಯಾಸ ₹55,000. ಶೋರೂಮಿನವನು ಇದನ್ನು ತಿಂಗಳ ಉಳಿತಾಯದಿಂದ ಭಾಗಿಸಿ "ಹದಿನಾರು ತಿಂಗಳಲ್ಲಿ ದುಡ್ಡು ವಾಪಸ್" ಎಂದು ಮಾವನಿಗೆ ಬರೆದುಕೊಟ್ಟಿದ್ದ. ಭಾಗಾಕಾರ ಸರಿ. ಅವನು ಬಿಟ್ಟದ್ದು ಬಡ್ಡಿಯನ್ನು. ಸೆಕೆಂಡ್ ಹ್ಯಾಂಡ್ ಪೇಟೆ ಇನ್ನೂ ಗಟ್ಟಿಯಾಗಿಲ್ಲವೆಂದು ಫೈನಾನ್ಸ್ ಕಂಪನಿಗಳು ಬ್ಯಾಟರಿ ಗಾಡಿಗೆ ಹೆಚ್ಚು ಬಡ್ಡಿ ಹಾಕುತ್ತವೆ. ಮಾವನಿಗೆ ಹೇಳಿದ್ದು 18 ಪರ್ಸೆಂಟ್, ಡೀಸೆಲ್‌ಗೆ 12. ಎರಡಕ್ಕೂ ₹50,000 ಕೈಯಿಂದ ಹಾಕಿ ಮೂರು ವರ್ಷದ ಕಂತು ಕಟ್ಟಿದರೆ ಬ್ಯಾಟರಿ ಗಾಡಿಯ ಬಡ್ಡಿ ₹98,000, ಡೀಸೆಲ್‌ದು ₹53,000. ಮತ್ತೆ ₹45,000 ಅಂತರ ಸೇರಿ ಒಟ್ಟು ಒಂದು ಲಕ್ಷವಾಯಿತು. ಹದಿನಾರು ತಿಂಗಳು ಇಪ್ಪತ್ತೊಂಬತ್ತಕ್ಕೆ ಹೋಯಿತು. ದೊಡ್ಡ ಬ್ಯಾಟರಿ ತೆಗೆದುಕೊಂಡಿದ್ದರೆ ಇದೇ ದಾರಿಯಲ್ಲಿ ಐವತ್ತೆಂಟು ತಿಂಗಳು. ದಿನಕ್ಕೆ 40 ಕಿ.ಮೀ. ಓಡುವವರಿಗೆ ದೊಡ್ಡ ಬ್ಯಾಟರಿ ಎಂದರೆ ಮದುವೆ ಮನೆಯ ಹಂಡೆಯಲ್ಲಿ ದಿನಾ ಇಬ್ಬರಿಗೆ ಅನ್ನ ಮಾಡಿದಂತೆ.

ಆದರೆ ಮಾವನ ನಿಜವಾದ ಪ್ರಶ್ನೆ ಇದೂ ಅಲ್ಲ. ಅವರು ಹೊಸ ಡೀಸೆಲ್ ಕೊಳ್ಳಲು ಹೊರಟವರಲ್ಲ. ಅವರ ಹಳೆಯ ಆಟೋದ ಸಾಲ ಎಂದೋ ತೀರಿದೆ, ಎಂಜಿನ್ನು ಇನ್ನೂ ಗಟ್ಟಿಯಿದೆ. ಅದನ್ನು ₹80,000ಕ್ಕೆ ಮಾರಿ ಬ್ಯಾಟರಿ ಗಾಡಿ ತಂದರೆ, ಹೋಲಿಕೆ ₹55,000ದ ವ್ಯತ್ಯಾಸದ ಜೊತೆಗಲ್ಲ, ಪೂರ್ತಿ ಬೆಲೆಯ ಜೊತೆ. ಗಾಡಿ, ಬಡ್ಡಿ ಸೇರಿ ₹4.73 ಲಕ್ಷದಲ್ಲಿ ಎಂಬತ್ತು ಸಾವಿರ ಕಳೆದರೆ ₹3.93 ಲಕ್ಷ. ಹಳೆಯ ಗಾಡಿಯ ರಿಪೇರಿ ಹೆಚ್ಚೆಂದು ಕಿಲೋಮೀಟರಿಗೆ ಇನ್ನೂ ಐವತ್ತು ಪೈಸೆ ಉಳಿತಾಯ ಸೇರಿಸಿದರೂ ತಿಂಗಳಿಗೆ ₹3,950. ಎಂಟು ವರ್ಷ ದಾಟಿತು. ಅಷ್ಟರಲ್ಲಿ ಬ್ಯಾಟರಿಯೇ ಮುದಿಯಾಗಿರುತ್ತದೆ. ಕಂತು ತಿಂಗಳಿಗೆ ₹11,750, ಉಳಿಯುವುದು ಅದರ ಮೂರನೇ ಒಂದು ಭಾಗ. ಉಳಿದದ್ದನ್ನು ಕ್ಯಾನಿನ ಲಾಭದಿಂದ ತುಂಬಬೇಕು, ಅದೂ ಟ್ರಿಪ್ಪಿಗೆ 35ರ ಬದಲು 21 ಕ್ಯಾನ್ ಏರಿಸಿಕೊಂಡು.

"ಅಂದ್ರೆ ಬೇಡ ಅಂತೀರಾ?"

"ಈಗ ಬೇಡ. ಇದು ಎಫ್‌ಸಿಗೆ ನಿಲ್ಲದಷ್ಟು ಹಳೆಯದಾಗಿ, ಹೊಸದು ಕೊಳ್ಳಲೇಬೇಕಾದ ದಿನ ಬನ್ನಿ. ಅವತ್ತು ಚಿಕ್ಕ ಬ್ಯಾಟರಿಯದೇ ತಗೊಳ್ಳಿ."

ಅಳಿಯನದು ಬೇರೆ ಕಥೆ. ಅವನಿಗೆ ಹೇಗೂ ಗಾಡಿ ಬೇಕು. ದೊಡ್ಡ ಬ್ಯಾಟರಿ ತೆಗೆದುಕೊಂಡರೆ ಬೆಲೆ, ಬಡ್ಡಿ ಸೇರಿ ಡೀಸೆಲ್‌ಗಿಂತ ₹1.98 ಲಕ್ಷ ಹೆಚ್ಚು, ಇಪ್ಪತ್ತೇಳು ತಿಂಗಳಲ್ಲಿ ವಾಪಸ್. ಅವನು ಅದಕ್ಕೇ ಮನಸ್ಸು ಮಾಡಿದ್ದ. ಮಧ್ಯಾಹ್ನ ಏನು ಮಾಡ್ತೀಯಪ್ಪ ಎಂದು ಕೇಳಿದೆ. ಒಂದೂವರೆಯಿಂದ ಎರಡೂವರೆವರೆಗೆ ಹಬ್ಬಿನಲ್ಲಿ ಊಟ, ಎರಡನೇ ಲೋಡಿಗೆ ಕಾಯೋದು ಎಂದ. ಹಬ್ಬಿನ ಕಾಂಪೌಂಡಿನಲ್ಲೇ ಚಾರ್ಜಿಂಗ್ ಪಾಯಿಂಟ್ ಇದೆ, ಯೂನಿಟ್ಟಿಗೆ ₹14. ಆ ಒಂದು ಗಂಟೆಯಲ್ಲಿ ಚಿಕ್ಕ ಬ್ಯಾಟರಿಗೆ ಎರಡು ಯೂನಿಟ್ ಹೋದರೂ 23 ಕಿ.ಮೀ. ಓಟ ಸಿಕ್ಕಿತು. ಹೊಸದರಲ್ಲಿ 79ಕ್ಕೆ 23 ಸೇರಿ 102, ಅವನ ಅತಿ ಕೆಟ್ಟ ದಿನದ 97ಕ್ಕೆ ಸಾಕು. ಬ್ಯಾಟರಿ 80 ಪರ್ಸೆಂಟಿಗೆ ಇಳಿದಾಗ 86, ಸರಾಸರಿ ದಿನಕ್ಕೆ ಕಷ್ಟಪಟ್ಟು ಸಾಕು. ಸೇಲಿನ ದಿನಗಳಲ್ಲಿ ಊಟದ ಹೊತ್ತು ಅರ್ಧ ಗಂಟೆ ಉದ್ದವಾಗುತ್ತದೆ. ದುಬಾರಿ ಯೂನಿಟ್ಟಿನಿಂದ ತಿಂಗಳ ಉಳಿತಾಯ ₹430ರಷ್ಟು ಇಳಿದು ₹6,860 ಆಯಿತು. ಒಂದು ಲಕ್ಷದ ಅಂತರ ತೀರಲು ಹದಿನೈದು ತಿಂಗಳು.

ಹೊಸ ಬ್ಯಾಟರಿಗೆ ದುಡ್ಡು ಎತ್ತಿಡುವುದನ್ನು ಈ ಲೆಕ್ಕಕ್ಕೆ ಸೇರಿಸದಿದ್ದರೆ ಅದೂ ಶೋರೂಮಿನ ಲೆಕ್ಕವೇ ಆಗುತ್ತದೆ. ಯೂನಿಟ್ಟಿಗೆ ₹15,000 ಎಂದರೂ ಏಳೂವರೆ ಯೂನಿಟ್ಟಿಗೆ ₹1.10 ಲಕ್ಷ ಮೇಲಾಯಿತು. ಐದು ವರ್ಷದಲ್ಲಿ ಅವನು ಓಡುವುದು 1.32 ಲಕ್ಷ ಕಿ.ಮೀ. ಕಿಲೋಮೀಟರಿಗೆ 85 ಪೈಸೆ, ತಿಂಗಳಿಗೆ ₹1,880 ಬೇರೆ ಡಬ್ಬಿಗೆ ಹೋಗಬೇಕು. ಅದನ್ನೂ ಕಳೆದರೆ ದುಡ್ಡು ವಾಪಸಾಗಲು ಇಪ್ಪತ್ತು ತಿಂಗಳು. ನನಗೆ ಒಪ್ಪಿಗೆಯಾದ ಅಂಕಿ ಇದೇ. ಇಷ್ಟಾದರೂ ಡೀಸೆಲ್‌ಗಿಂತ ಅವನು ಮುಂದಿದ್ದಾನೆ.

ಹಬ್ಬಿನಲ್ಲಿ ಆ ಪಾಯಿಂಟ್ ಇಲ್ಲದಿದ್ದರೆ, ಅಥವಾ ನಾಲ್ಕು ಗಾಡಿ ಸರದಿಯಲ್ಲಿ ನಿಲ್ಲುವಂತಿದ್ದರೆ, ನಾನೇ ದೊಡ್ಡ ಬ್ಯಾಟರಿ ತೆಗೆದುಕೊಳ್ಳಪ್ಪ ಎನ್ನುತ್ತಿದ್ದೆ. ದೊಡ್ಡದು ದಿನಕ್ಕೆ ಮುಕ್ಕಾಲು ಸುತ್ತೂ ಮುಗಿಸುವುದಿಲ್ಲವಾದ್ದರಿಂದ ಬಾಳಿಕೆಯೂ ಹೆಚ್ಚು. ಅದಕ್ಕೇ ಒಂದು ವಾರ ಮಧ್ಯಾಹ್ನ ಅಲ್ಲಿ ನಿಂತು, ಎಷ್ಟು ಸಲ ಪಾಯಿಂಟ್ ಖಾಲಿ ಇತ್ತು, ಎಷ್ಟು ಸಲ ಕೆಟ್ಟು ನಿಂತಿತ್ತು ಎಂದು ಬರೆಯಲು ಹೇಳಿದೆ. ಆರು ದಿನದಲ್ಲಿ ಐದು ದಿನ ಸಿಕ್ಕಿತು, ಒಂದು ದಿನ ಕರೆಂಟಿರಲಿಲ್ಲ. ಆ ಒಂದು ದಿನಕ್ಕೆಂದು ಎರಡು ಕಿ.ಮೀ. ದೂರದ ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಪಾಯಿಂಟ್ ನೋಡಿಟ್ಟುಕೊಂಡ. ಅದರ ಪ್ಲಗ್ಗು ತನ್ನ ಗಾಡಿಗೆ ಕೂರುತ್ತದೆಯೇ ಎಂದು ಡೆಮೊ ಗಾಡಿ ಒಯ್ದು ಹಾಕಿ ನೋಡಿದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅವನು ಚಿಕ್ಕದನ್ನೇ ಕೊಂಡ. ಒಬ್ಬನೇ ಕೊಂಡದ್ದರಿಂದ ಡಿಸ್ಕೌಂಟು ಸಿಗಲಿಲ್ಲ. ಪಾರ್ಸೆಲ್ ಕಂಪನಿ ಕಿಲೋಮೀಟರಿಗೋ ದಿನಕ್ಕೋ ದರ ಕಡಿಮೆ ಮಾಡಿದರೆ, ಓಟ 85ರಿಂದ 60ಕ್ಕೆ ಇಳಿದರೆ ಏನು ಗತಿ ಎಂಬುದನ್ನೂ ಅವನೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿಕೊಂಡಿದ್ದಾನೆ: ಇಪ್ಪತ್ತು ತಿಂಗಳು ಮೂವತ್ತರ ಹತ್ತಿರ ಹೋಗುತ್ತದೆ, ಸಾಲ ಮುಗಿಯುವುದರೊಳಗೇ.

ಮಾವ ಈಗಲೂ ಡೀಸೆಲ್ ಆಟೋದಲ್ಲೇ ಬರುತ್ತಾರೆ, ಕ್ಯಾನು 35ರಿಂದ 28ಕ್ಕೆ ಇಳಿಸಿದ್ದಾರೆ. ಗೇಟಿನ ಮುಂದೆ ಎಂಜಿನ್ ಆಫ್ ಮಾಡಿ, "ಹತ್ತು ಪರ್ಸೆಂಟಿಗೆ ಎಷ್ಟು ಕಿಲೋಮೀಟರ್ ಬಂತಂತೆ ನಿನ್ನೆ ನಮ್ಮ ಹುಡುಗಂಗೆ, ಗೊತ್ತಾ ಸಾರ್? ಎಂಟೂ ಮುಕ್ಕಾಲು," ಎನ್ನುತ್ತಾ ಖಾಲಿ ಕ್ಯಾನು ಎತ್ತಿಕೊಳ್ಳುತ್ತಾರೆ.